ಅಪ್‌ಡೇಟ್: ಫಲಿತಾಂಶ ಬರುವ ಮೊದಲೇ ಸಿಜಿಎಲ್‌ಗೆ ಅರ್ಜಿ

ನನ್ನ ಪ್ರಶ್ನೆ: ಬೆಂಗಳೂರಿನಲ್ಲಿ ಕೊನೆಯ ಸೆಮಿಸ್ಟರ್ ಬಿಕಾಂ ಪರೀಕ್ಷೆ ಬರೆದಿದ್ದೇನೆ, ಫಲಿತಾಂಶ ಬಂದಿಲ್ಲ. ಕೇಂದ್ರ ಸರ್ಕಾರಿ ಕೆಲಸಗಳಿಗೆ ನಡೆಯುವ ಎಸ್‌ಎಸ್‌ಸಿ ಸಿಜಿಎಲ್ 2025 ಪರೀಕ್ಷೆಗೆ ಅರ್ಜಿ ಹಾಕಬಹುದಾ? ಡಿಗ್ರಿ ಯಾವಾಗ ತೋರಿಸಬೇಕು?

ಹಾಕಬಹುದು, ಹಾಕಿದೆ ಕೂಡ. ಅರ್ಜಿಗೆ ಕೊನೆಯ ದಿನ ಜುಲೈ 4 ಇತ್ತು. ಆದರೆ ಅರ್ಹತೆ ಲೆಕ್ಕ ಹಾಕುವುದು ಆಗಸ್ಟ್ 1, 2025ಕ್ಕೆ. ನನ್ನ ಫಲಿತಾಂಶ ಜುಲೈ ಕೊನೆಯ ವಾರ ಬಂತು, ಪಾಸಾದೆ. ಎಷ್ಟು ಸಮಾಧಾನ ಆಯ್ತು ಗೊತ್ತಾ!

ಇಲ್ಲಿ ಎರಡು ತಾರೀಖು ಬೇರೆ ಬೇರೆ. ಆಗಸ್ಟ್ 1ರೊಳಗೆ ಫಲಿತಾಂಶ ಪ್ರಕಟವಾಗಿ ನಾವು ಪಾಸ್ ಆಗಿರಬೇಕು. ಕಾಗದ ತೋರಿಸುವುದು ಆಮೇಲೆ, ದಾಖಲೆ ಪರಿಶೀಲನೆಯಲ್ಲಿ. ಘಟಿಕೋತ್ಸವದ ಸರ್ಟಿಫಿಕೇಟ್ ತಡವಾದರೆ ಭಯ ಬೇಡ. ಆದರೆ ಫಲಿತಾಂಶ ಯಾವ ದಿನ ಬಂತು ಅನ್ನುವುದಕ್ಕೆ ದಾಖಲೆ ಇರಲೇಬೇಕು. ನನ್ನ ಅಂಕಪಟ್ಟಿಯಲ್ಲಿ ಅದನ್ನು ಮುದ್ರಿಸಿದ ತಾರೀಖು ಮಾತ್ರ ಇತ್ತು, ಅದು ಆಗಸ್ಟ್‌ನದು. ಅದಕ್ಕೇ ಫಲಿತಾಂಶದ ದಿನ ಬರೆದ ಪತ್ರವನ್ನು ಕಾಲೇಜಿನಿಂದ ಸಹಿ, ಸೀಲು ಹಾಕಿಸಿ ತಂದಿಟ್ಟುಕೊಂಡಿದ್ದೇನೆ.

ಗೆಳತಿಗೆ ಒಂದು ವಿಷಯ ಬಾಕಿ ಉಳಿದಿತ್ತು. ಅದರ ಫಲಿತಾಂಶ ಸೆಪ್ಟೆಂಬರ್‌ನಲ್ಲಿ ಬಂತು. ಪರೀಕ್ಷೆ ಮೊದಲೇ ಬರೆದಿದ್ದಳು ನಿಜ. ಆದರೂ ಈ ಸಲಕ್ಕೆ ಅವಳು ಅರ್ಹಳಲ್ಲ. ವಿಶ್ವವಿದ್ಯಾಲಯ ಮೌಲ್ಯಮಾಪನ ಮಾಡ್ತಿತ್ತು ಅನ್ನುವುದು ಸಾಲದು ಅಂತ ಅಧಿಸೂಚನೆಯೇ ಹೇಳುತ್ತದೆ. ನನಗೆ ತುಂಬಾ ಬೇಜಾರಾಯ್ತು.

ಬ್ಯಾಂಕ್ ಪರೀಕ್ಷೆಗೆ ಇದೇ ನಿಯಮ ಅಂದುಕೊಳ್ಳಬೇಡಿ. ಐಬಿಪಿಎಸ್ ಪಿಒಗೆ ನೋಂದಣಿ ಮಾಡುವ ದಿನವೇ ಪಾಸಾದ ಅಂಕಪಟ್ಟಿ ಕೈಯಲ್ಲಿರಬೇಕು.