ಕಾಂಪೌಂಡ್ ಗೋಡೆ ಪಕ್ಕ ಸಂಪ್ ತೋಡೋ ಮುಂಚೆ ಪಕ್ಕದ ಮನೆಯವರಿಗೆ ಪತ್ರ

ಪ್ರಶ್ನೆ, ಮೈಸೂರಿನಿಂದ: ನಮ್ಮದು 30-40 ಸೈಟು. ನಮಗೂ ಪಕ್ಕದ ರಾಯರಿಗೂ ಒಂದೇ ಕಾಂಪೌಂಡ್ ಗೋಡೆ. ಮನೆ ಮುಂದೆ, ಗೋಡೆಯಿಂದ 3 ಅಡಿ ಬಿಟ್ಟು, 7 ಅಡಿ ಆಳದ ಸಂಪ್ ಮಾಡಿಸಬೇಕು. ರಾಯರಿಗೆ ಬಾಯಲ್ಲಿ ಹೇಳಿದ್ದೇನೆ. ಮಗ ಪತ್ರ ಕೊಡಿ ಅಂತಾನೆ. ಏನು ಬರೆಯಬೇಕು?

ಒಬ್ಬ ಸದಸ್ಯರು: ನಿಮ್ಮ ಸೈಟು, ನಿಮ್ಮ ದುಡ್ಡು. ಯಾರ ಪರ್ಮಿಷನ್ ಯಾಕೆ ಸಾರ್? ಪತ್ರ ಕೊಟ್ಟರೆ ಇಲ್ಲದ ತಕರಾರು ಶುರುವಾಗುತ್ತೆ. ಜೆಸಿಬಿ ತರಿಸಿ, ಒಂದೇ ದಿನದಲ್ಲಿ ಮುಗಿಸಿ.

ಸಿವಿಲ್ ಎಂಜಿನಿಯರ್: ಇವರು ಹೇಳಿದ್ದು ಅರ್ಧ ಸರಿ. ನಿಮ್ಮ ಜಾಗದಲ್ಲಿ ಅಗೆಯೋಕೆ ರಾಯರ ಒಪ್ಪಿಗೆ ಬೇಡ. ಆದರೆ ಅವರ ಮಣ್ಣು ನಿಮ್ಮ ಮಣ್ಣಿಗೆ ಒರಗಿ ನಿಂತಿದೆ. ಆ ಆಸರೆ ತೆಗೆಯೋ ಹಕ್ಕು ನಿಮಗಿಲ್ಲ. 1882ರ ಈಸ್ಮೆಂಟ್ಸ್ ಕಾಯ್ದೆಯ 7ನೇ ಸೆಕ್ಷನ್ನಿನ ಉದಾಹರಣೆಗಳಲ್ಲಿ ಇದು ಬರುತ್ತೆ.

ಪತ್ರಕ್ಕೆ ಮುಂಚೆ ಅಳತೆ. ಗೋಡೆ ಬುಡದಲ್ಲಿ, ನಿಮ್ಮ ಕಡೆ, ಕೈಯಲ್ಲೇ ಒಂದು ಸಣ್ಣ ಗುಂಡಿ ತೆಗೆದು ಪಾಯದ ಕಲ್ಲು ಎಲ್ಲಿಗೆ ಮುಗಿಯುತ್ತೆ ನೋಡಿ. 2 ಅಡಿಗೆ ಮುಗಿಯಿತು ಅಂದುಕೊಳ್ಳೋಣ. ಸಂಪ್ ಒಳಗೆ 7 ಅಡಿ ಬೇಕು ಅಂದರೆ ಬೆಡ್ಡು, ತಳ ಸೇರಿ ಗುಂಡಿ 8 ಅಡಿ ಆಗುತ್ತೆ. ಅಂದರೆ ಪಾಯಕ್ಕಿಂತ 6 ಅಡಿ ಕೆಳಗೆ. ನಾವು ಸಾಮಾನ್ಯವಾಗಿ ನೋಡೋದು ಇಷ್ಟೇ: ಪಾಯಕ್ಕಿಂತ ಎಷ್ಟು ಕೆಳಗೆ ಹೋಗ್ತೀರೋ, ಕನಿಷ್ಠ ಅಷ್ಟು ದೂರ ಇರಬೇಕು. ನಿಮ್ಮ 3 ಅಡಿ ಸಂಪಿನ ಒಳಮೈವರೆಗಾ, ಗುಂಡಿಯ ಅಂಚಿನವರೆಗಾ? ಒಳಮೈವರೆಗೆ ಅಂದರೆ ಸಂಪಿನ ಗೋಡೆಗೆ, ಶಟರಿಂಗಿಗೆ 1 ಅಡಿ ಹೋಗುತ್ತೆ. ಉಳಿಯೋದು 2. ಪಾಯದ ಕಲ್ಲು ಗೋಡೆಯಿಂದ ಹೊರಗೆ ಚಾಚಿದ್ದರೆ ಇನ್ನೂ ಕಡಿಮೆ.

ಹಾಗಾಗಿ ಗುಂಡಿಯ ಅಂಚು ಪಾಯದಿಂದ 4 ಅಡಿ ದೂರಕ್ಕೆ ಸರಿಸಿ, ಆಳ 6 ಅಡಿಗೆ ಇಳಿಸಿ, ಉದ್ದ ಜಾಸ್ತಿ ಮಾಡಿ. ಒಳಗೆ 5 ಅಡಿ ನೀರು ಸಿಗುತ್ತೆ. ಆಗಲೂ ಗೋಡೆ ಕಡೆ ಹಲಗೆ, ಸರ್ವೆ ಕಂಬ ಕೊಡಿಸಿ. ತೆಗೆದ ಮಣ್ಣು ಅಂಚಲ್ಲಿ ಗುಡ್ಡೆ ಹಾಕಬೇಡಿ. ಕೆಂಪು ಮಣ್ಣು ಒಣಗಿದ್ದಾಗ ಗುಂಡಿಯ ಅಂಚು ಗೋಡೆ ಥರ ನೇರ ನಿಲ್ಲುತ್ತೆ, ಅದನ್ನು ನಂಬಿಯೇ ಜನ ಮೋಸ ಹೋಗೋದು. ಒಂದು ರಾತ್ರಿ ಮಳೆ ಸಾಕು, ಬೆಳಗ್ಗೆ ಅಂಚಿಗೆ ಸಮಾನಾಂತರವಾಗಿ ಕೂದಲೆಳೆಯ ಬಿರುಕು ಕಾಣುತ್ತೆ. ಕಂಡರೆ ಯಾರೂ ಒಳಗಿಳಿಯಬಾರದು.

ಇನ್ನು ಪತ್ರ, ಹೀಗೆ ಬರೆಯಿರಿ:

*ರಾಯರಿಗೆ ನಮಸ್ಕಾರಗಳು. ನಮ್ಮ ಮನೆ ಮುಂದೆ, ನಮ್ಮಿಬ್ಬರ ನಡುವಿನ ಗೋಡೆಯ ಪಾಯದಿಂದ 4 ಅಡಿ ದೂರದಲ್ಲಿ, ಸಂಪಿಗಾಗಿ 6 ಅಡಿ ಆಳದ ಗುಂಡಿ ತೆಗೆಸುತ್ತಿದ್ದೇವೆ. ಕೆಲಸ ಇಂಥ ತಾರೀಖಿಗೆ ಶುರುವಾಗಿ ಇಂಥ ತಾರೀಖಿಗೆ ಮುಗಿಯುತ್ತದೆ. ಗೋಡೆ ಕಡೆ ಹಲಗೆ ಆಸರೆ ಕೊಡಿಸುತ್ತೇವೆ. ನಕ್ಷೆ ಜೊತೆಗಿದೆ. ಶುರುವಾಗುವ ಮುಂಚೆ ಒಂದು ದಿನ ಇಬ್ಬರೂ ಸೇರಿ ಗೋಡೆ ನೋಡಿ, ಈಗಿರುವ ಬಿರುಕುಗಳ ಫೋಟೋ ತೆಗೆದಿಟ್ಟುಕೊಳ್ಳೋಣ. ಈ ಕೆಲಸದಿಂದ ಗೋಡೆಗೆ ಹಾನಿಯಾದರೆ ನಮ್ಮ ಖರ್ಚಿನಲ್ಲಿ ಸರಿಪಡಿಸುತ್ತೇವೆ. ಏನಾದರೂ ಕಂಡರೆ ತಕ್ಷಣ ಫೋನ್ ಮಾಡಿ.*

‘ನಮ್ಮ ಗೋಡೆ’ ಅಂತ ಮಾತ್ರ ಬರೆಯಬೇಡಿ. ಗೋಡೆ ಯಾರದ್ದು ಅನ್ನೋ ಜಗಳ ಅಲ್ಲೇ ಹುಟ್ಟುತ್ತೆ. ‘ಏನೂ ಆಗಲ್ಲ’ ಅಂತಲೂ ಬೇಡ. ಎರಡು ಪ್ರತಿ ಮಾಡಿ, ಒಂದರ ಮೇಲೆ ‘ತಲುಪಿದೆ’ ಅಂತ ಸಹಿ ತಗೊಳ್ಳಿ.

ಲಂಡನ್ನಿನಿಂದ ಒಬ್ಬರು: ನಮ್ಮಲ್ಲಿ ಒಂದು ತಿಂಗಳು ಮುಂಚೆ ನೋಟಿಸ್ ಕೊಡಲೇಬೇಕು. ಪಕ್ಕದವರ ಕಟ್ಟಡದಿಂದ 3 ಮೀಟರ್ ಒಳಗೆ ಅವರ ಪಾಯಕ್ಕಿಂತ ಆಳ ಅಗೆದರೆ 1996ರ ಪಾರ್ಟಿ ವಾಲ್ ಕಾಯ್ದೆ ಬರುತ್ತೆ. ನಮ್ಮ ಪಕ್ಕದ ಅಜ್ಜಿ 14 ದಿನ ಉತ್ತರ ಕೊಡಲಿಲ್ಲ. ಒಪ್ಪಿಗೆ ಅಂದುಕೊಂಡೆವು. ಅದು ವಿವಾದ ಅಂತ ಲೆಕ್ಕವಂತೆ! ಸರ್ವೇಯರ್ ಫೀಸು ನಾವೇ ಕಟ್ಟಿದೆವು. ನೀವೂ ಸರ್ವೇಯರ್ ಕರೆಸಿ.

ಸಿವಿಲ್ ಎಂಜಿನಿಯರ್: ಅಮ್ಮಾ, ಅದು ಇಂಗ್ಲೆಂಡ್, ವೇಲ್ಸ್ ಕಾಯ್ದೆ. ಇಲ್ಲಿ ಸರ್ವೇಯರ್ ಅಂದರೆ ಜಾಗ ಅಳೆಯೋಕೆ ಬರ್ತಾರೆ. ಒಂದು ತಿಂಗಳು ಮುಂಚೆ ತಿಳಿಸೋದು ಮಾತ್ರ ಇಲ್ಲೂ ಒಳ್ಳೆಯದೇ.

ಪ್ರಶ್ನೆ ಕೇಳಿದವರು: ಗುಂಡಿ ತೆಗೆದು ನೋಡಿದೆ ಸಾರ್. ಪಾಯ ಒಂದೂವರೆ ಅಡಿಗೇ ಮುಗಿದಿದೆ. ಗೋಡೆ ಈಗಾಗಲೇ ನಮ್ಮ ಕಡೆ ವಾಲಿದೆ. ರಾಯರು ಅವರ ಕಡೆ ಗೋಡೆಗೆ ಒಂದಾಳು ಮಣ್ಣು ತುಂಬಿ ಗಿಡ ಹಾಕಿದ್ದಾರೆ. ಬಿದ್ದರೆ ಅದೂ ನನ್ನ ಖರ್ಚಾ?

ಸಿವಿಲ್ ಎಂಜಿನಿಯರ್: ಹಾಗಾದರೆ ಲೆಕ್ಕ ಬದಲಾಯಿತು. 6 ಅಡಿ ಗುಂಡಿಗೆ ನಾಲ್ಕೂವರೆ ಅಡಿ ದೂರ ಬೇಕು, ವಾಲಿದ ಗೋಡೆಗೆ ಅದೂ ಸಾಲದು. ಆ ಕಾಯ್ದೆ ಹೇಳೋದು ಸಹಜವಾಗಿರೋ ನೆಲದ ಆಸರೆ ಬಗ್ಗೆ, ತುಂಬಿದ ಮಣ್ಣಿನ ಭಾರದ ಬಗ್ಗೆ ಅಲ್ಲ. ಆದರೆ ಎಷ್ಟು ವರ್ಷದಿಂದ ಹಾಗೇ ಇದೆ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಇದನ್ನು ವಕೀಲರೇ ಹೇಳಬೇಕು. ತೂಗುಗುಂಡು ಇಳಿಬಿಟ್ಟು ಎಷ್ಟು ಇಂಚು ವಾಲಿದೆ ಅಳೆದು, ರಾಯರ ಎದುರಿಗೇ ಪತ್ರದಲ್ಲಿ ಬರೆದು ಸಹಿ ಹಾಕಿಸಿ. ಅಲ್ಲೀವರೆಗೂ ಜೆಸಿಬಿ ಬೇಡ.

ಮೊದಲ ಸದಸ್ಯರು: ರಾಯರು ಸಹಿ ಹಾಕಲ್ಲ ಅಂದರೆ?

ಸಿವಿಲ್ ಎಂಜಿನಿಯರ್: ಸ್ಪೀಡ್ ಪೋಸ್ಟ್, ತಲುಪಿದ್ದಕ್ಕೆ ದಾಖಲೆ ಸಮೇತ. ಆದರೆ ಮೊದಲು ಒಂದು ಸಲ ಮನೆಗೆ ಹೋಗಿ ಕಾಫಿ ಕುಡೀರಿ.