ತಪ್ಪೇ ಮಾಡದ ಅಕೌಂಟೆಂಟ್‌ಗೆ ಅಪ್ರೈಸಲ್‌ನಲ್ಲಿ ಏನು ಬರೆಯೋದು?

ಕೇಳಿದವರು, ಬೆಳಗಾವಿ: ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಫೈನಾನ್ಸ್ ನೋಡಿಕೊಳ್ಳುತ್ತೇನೆ. ನಮ್ಮ ಅಕೌಂಟೆಂಟ್ ಕೆಲಸದಲ್ಲಿ ಹುಡುಕಿದರೂ ತಪ್ಪು ಸಿಗಲ್ಲ. ಆದರೆ ಎಂಡಿ ಅವರಿಗೆ ಅವರ ಹೆಸರೇ ನೆನಪಿರಲ್ಲ. ಹೋದ ವರ್ಷ ‘ಸಿನ್ಸಿಯರ್, ಹಾರ್ಡ್ ವರ್ಕಿಂಗ್’ ಅಂತ ಬರೆದಿದ್ದೆ, 5ಕ್ಕೆ 3 ಕೊಟ್ಟರು. ಈ ಸಲ ಏನು ಬರೆಯಲಿ?

ವಿಜಯಪುರದಿಂದ ಒಬ್ಬರು: ಸರ್, ಅಂಕಿ ಹಾಕಿ. ವರ್ಷದ ಕೊನೆಗೆ ಆಡಿಟರ್ ಎಷ್ಟು ತಿದ್ದುಪಡಿ ಎಂಟ್ರಿ ಹಾಕಿಸಿದರು ಎಣಿಸಿ. ಹೋದ ವರ್ಷ 15, ಈ ವರ್ಷ 6 ಅಂದರೆ ಯಾರೂ ಎದುರು ಮಾತಾಡಲ್ಲ. ರಿಟರ್ನ್ ಎಲ್ಲಾ ಟೈಮಿಗೆ ಹೋಗಿದೆ, ಒಂದು ರೂಪಾಯಿ ಲೇಟ್ ಫೀ ಇಲ್ಲ ಅಂತಲೂ ಬರೆಯಿರಿ.

ಬೆಳಗಾವಿಯಿಂದ, ಅಕೌಂಟ್ಸ್‌ನಲ್ಲಿ 20 ವರ್ಷ ಇದ್ದವರು: ಎಂಟ್ರಿ ಎಣಿಸುವುದು ಒಳ್ಳೆಯದೇ. ಆದರೆ ಸವಕಳಿ, ಟ್ಯಾಕ್ಸ್ ಪ್ರಾವಿಷನ್ ಎಂಟ್ರಿಗಳನ್ನು ಎಷ್ಟೋ ಕಡೆ ಆಡಿಟರೇ ಹಾಕಿಸುತ್ತಾರೆ. ಅವನ್ನು ಬಿಟ್ಟು ಎಣಿಸಬೇಕು. ಇನ್ನು ಲೇಟ್ ಫೀ ಇಲ್ಲ ಅನ್ನೋದನ್ನು ಓದಿದರೆ ಎಂಡಿ ‘ಅದು ಅವರ ಕೆಲಸ ಅಲ್ವಾ’ ಅನ್ನುತ್ತಾರೆ. ಅದೇ ಮೊದಲ ಸಾಲಾದರೆ ಮುಂದಕ್ಕೆ ಓದುವುದೂ ಇಲ್ಲ.

ನಾನು ಮಾಡಿದ್ದು ಹೇಳುತ್ತೇನೆ. ಅಪ್ರೈಸಲ್ ಬರೆಯುವ ಮೊದಲು ನಮ್ಮ ಅಕೌಂಟೆಂಟ್ ಪಕ್ಕ ಎರಡು ಗಂಟೆ ಕೂತೆ. ಪ್ರತಿ ತಿಂಗಳು 14ಕ್ಕೆ GSTR-2B, ಅಂದರೆ ಮಾಲು ಕೊಟ್ಟವರು ಜಿಎಸ್‌ಟಿಯಲ್ಲಿ ತೋರಿಸಿದ ಬಿಲ್‌ಗಳ ಪಟ್ಟಿ, ಬಂದ ಕೂಡಲೇ ಅವರು ಅದನ್ನು ನಮ್ಮ ಪರ್ಚೇಸ್ ರಿಜಿಸ್ಟರ್ ಜೊತೆ ತಾಳೆ ಹಾಕುತ್ತಾರೆ. ಆ 12 ಶೀಟ್‌ಗಳನ್ನು ತೆಗೆಸಿದೆ. ಕೊನೆಯ ಕಾಲಂನಲ್ಲಿ ಸಣ್ಣ ಅಕ್ಷರದಲ್ಲಿ ‘ಫೋನ್ ಮಾಡಿದೆ’, ‘ಮೇಲ್ ಹಾಕಿದೆ’, ‘ಮುಂದಿನ ತಿಂಗಳು ಹಾಕುತ್ತಾರಂತೆ’. ಅವರ ವರ್ಷದ ಕೆಲಸ ಅಲ್ಲಿತ್ತು. ನಾನೇ ಅದನ್ನು ಯಾವತ್ತೂ ತೆರೆದು ನೋಡಿರಲಿಲ್ಲ.

ಅದರಲ್ಲಿ ಒಂದನ್ನು ಆರಿಸಿದೆ. ಸೆಪ್ಟೆಂಬರ್‌ನಲ್ಲಿ 4 ಲಕ್ಷದ ಪಿಗ್ ಐರನ್ ಬಿಲ್, ಮೇಲೆ 72,000 ಜಿಎಸ್‌ಟಿ. ಅಕ್ಟೋಬರ್ 14ಕ್ಕೆ ನೋಡಿದರೆ 2B ಯಲ್ಲಿ ಆ ಬಿಲ್ ಇಲ್ಲ. ಮಾಲು ಕೊಟ್ಟವರು ನಮ್ಮ ಜಿಎಸ್‌ಟಿ ನಂಬರ್ ಹಾಕದೆ, ನೋಂದಣಿ ಇಲ್ಲದ ಗ್ರಾಹಕರ ಲೆಕ್ಕದಲ್ಲಿ ತೋರಿಸಿಬಿಟ್ಟಿದ್ದರು. ನಮ್ಮವರು ಆ ತಿಂಗಳು ಕ್ರೆಡಿಟ್ ತೆಗೆದುಕೊಳ್ಳಲಿಲ್ಲ, ಅಂದರೆ ನಾವು ಕಟ್ಟುವ ತೆರಿಗೆಯಲ್ಲಿ ಆ ಜಿಎಸ್‌ಟಿಯನ್ನು ಕಳೆಯಲಿಲ್ಲ. ಪೇಮೆಂಟ್‌ನಲ್ಲಿ ಆ 72,000 ಮಾತ್ರ ತಡೆಹಿಡಿದು, ಅವರ ಬೆನ್ನು ಬಿದ್ದರು. ಅವರು ಅಕ್ಟೋಬರ್‌ನ ಮಾರಾಟದ ರಿಟರ್ನ್ GSTR-1 ನಲ್ಲಿ ಸರಿಪಡಿಸಿದರು, ನವೆಂಬರ್ 14ಕ್ಕೆ ಬಿಲ್ ಕಾಣಿಸಿತು. ನೋಡದೆ ಕ್ರೆಡಿಟ್ ತೆಗೆದುಕೊಂಡು ಬಳಸಿದ್ದರೆ, ಆಮೇಲೆ ವರ್ಷಕ್ಕೆ ಶೇ 18ರ ಬಡ್ಡಿ ಸಮೇತ ವಾಪಸ್ ಕಟ್ಟಬೇಕಿತ್ತು. ತೆಗೆದುಕೊಳ್ಳದೆ ಮರೆತು ಮುಂದಿನ ವರ್ಷದ ನವೆಂಬರ್ 30 ದಾಟಿದ್ದರೆ ಆ ಕ್ರೆಡಿಟ್ ಹೋದಂತೆಯೇ.

ಅಪ್ರೈಸಲ್‌ನಲ್ಲಿ ಇದನ್ನೇ ನಾಲ್ಕು ಸಾಲಿನಲ್ಲಿ ಬರೆದೆ: ಏನು ಕಂಡರು, ಯಾವಾಗ ಕಂಡರು, ಏನು ಮಾಡಿದರು, ಕಾಣದಿದ್ದರೆ ಏನಾಗುತ್ತಿತ್ತು. ಕೆಳಗೆ ಇಂಥವು ವರ್ಷದಲ್ಲಿ ಎಷ್ಟು ಅಂತ ಒಂದೇ ಸಾಲು. ಒಂದು ಎಚ್ಚರ: ‘72,000 ಉಳಿಸಿದರು’ ಅಂತ ಬರೆಯಬೇಡಿ. ಅದು ನಮಗೆ ಬರಬೇಕಾದ ಕ್ರೆಡಿಟ್ಟೇ, ಹೊಸ ಲಾಭ ಅಲ್ಲ. ಎಂಡಿ ‘ಲಾಭ ಎಲ್ಲಿದೆ ತೋರಿಸಿ’ ಅಂದರೆ ಇಡೀ ಪತ್ರದ ಮೇಲೆ ನಂಬಿಕೆ ಹೋಗುತ್ತದೆ. ‘ಕೈತಪ್ಪದಂತೆ ನೋಡಿಕೊಂಡರು’ ಅಂದರೆ ಸಾಕು.

ಬಾಗಲಕೋಟೆಯಿಂದ ಒಬ್ಬರು: ನಾನೂ ಅಕೌಂಟೆಂಟೇ ರೀ, ಒಂದು ಸೊಸೈಟಿಯಲ್ಲಿ. ನನಗೂ ಮೂರು ವರ್ಷದಿಂದ ‘ಗುಡ್’ ಅಷ್ಟೇ. ಪ್ರಮೋಷನ್ ಹೇಗೆ ಕೇಳಬೇಕು ಅಂತ ನಾನೂ ಯೋಚಿಸುತ್ತಿದ್ದೆ. ಈ ಶೀಟ್ ವಿಷಯ ಓದಿ ಬೇಜಾರಾಯಿತು. ನಾನು ತಾಳೆ ಆದ ಮೇಲೆ ರಿಮಾರ್ಕ್ಸ್ ಅಳಿಸಿಬಿಡುತ್ತೇನೆ, ಶೀಟ್ ಕ್ಲೀನ್ ಕಾಣಲಿ ಅಂತ.

20 ವರ್ಷ ಇದ್ದವರು: ಇಲ್ಲಿ ಸರ್ ಕೇಳಿದ್ದು ಬರೆಯುವವರ ಕಡೆಯಿಂದ. ಆದರೂ ಮೇಡಂ, ದಯವಿಟ್ಟು ಅಳಿಸಬೇಡಿ. ತಾರೀಖು ಸಮೇತ ಇರಲಿ. ನಿಮ್ಮ ಬಗ್ಗೆ ಬರೆಯುವವರಿಗೆ ಬೇರೆ ಆಧಾರ ಸಿಗಲ್ಲ.

ಹುಬ್ಬಳ್ಳಿ ರಸ್ತೆ ಕಡೆಯ ಎಚ್‌ಆರ್ ಒಬ್ಬರು: ‘ಸುಧಾರಿಸಬೇಕಾದ್ದು’ ಕಾಲಂನಲ್ಲಿ ‘ತಮ್ಮ ಕೆಲಸ ಮೇಲಿನವರಿಗೆ ಹೇಳುವುದು’ ಅಂತ ಹಾಕಿ. ಅದು ನಿಜವೂ ಹೌದು.

20 ವರ್ಷ ಇದ್ದವರು: ನಾನು ಒಪ್ಪಲ್ಲ. ತಿಂಗಳ ರಿಪೋರ್ಟ್ ಎಂಡಿಗೆ ಕಳಿಸುವುದು ಮ್ಯಾನೇಜರ್ ಆದರೆ, ಅವರ ಹೆಸರು ಹಾಕದೆ ಇದ್ದದ್ದು ಮ್ಯಾನೇಜರ್ ಅಲ್ವಾ?

ಎಚ್‌ಆರ್: ಕಾಲಂ ಖಾಲಿ ಬಿಟ್ಟರೆ ನಮ್ಮ ಕಡೆ ಫಾರಂ ವಾಪಸ್ ಬರುತ್ತದೆ ಸರ್. ಏನಾದರೂ ಬರೆಯಲೇಬೇಕು.

ಕೇಳಿದವರು: ನಿನ್ನೆ ಶೀಟ್ ತೆಗೆಸಿದೆ. ನಮ್ಮವರಲ್ಲೂ ಅಂಥ ರಿಮಾರ್ಕ್ಸ್ ಇದೆ, ಪೆನ್ಸಿಲ್‌ನಲ್ಲಿ, ಪ್ರಿಂಟ್ ಮೇಲೆ. ಜೂನ್‌ನಲ್ಲಿ ಒಂದೇ ಬಿಲ್ ಎರಡು ಸಲ ಬಂದದ್ದನ್ನು ಪೇಮೆಂಟ್‌ಗೆ ಮೊದಲೇ ಹಿಡಿದಿದ್ದಾರೆ. ನನಗೆ ಗೊತ್ತೇ ಇರಲಿಲ್ಲ. ಅದನ್ನೇ ಮೊದಲು ಬರೆಯುತ್ತೇನೆ. ಸುಧಾರಣೆ ಕಾಲಂನಲ್ಲಿ ‘ರಿಮಾರ್ಕ್ಸ್ ಎಕ್ಸೆಲ್‌ನಲ್ಲೇ ಹಾಕಬೇಕು’ ಅಂತ ಹಾಕೋಣ ಅಂದುಕೊಂಡಿದ್ದೇನೆ. ತಿಂಗಳ ರಿಪೋರ್ಟ್ ಅನ್ನು ಏಪ್ರಿಲ್‌ನಿಂದ ಅವರ ಹೆಸರಿನಲ್ಲೇ ಎಂಡಿಗೆ ಕಳಿಸುತ್ತೇನೆ.