ಅಪ್‌ಡೇಟ್: ಸ್ಕ್ರೀನ್‌ಶಾಟ್‌ನಿಂದ ಸ್ವಾಗತ ಭಾಷಣ

ನಾನು ಕೇಳಿದ್ದು: "ಮಗಳ ಶಾಲೆಯ ವಾರ್ಷಿಕೋತ್ಸವಕ್ಕೆ ಸ್ವಾಗತ ಭಾಷಣ ನನ್ನದು. ಕೈಯಲ್ಲಿರುವುದು ಕಾರ್ಯಕ್ರಮ ಪಟ್ಟಿಯ ಸ್ಕ್ರೀನ್‌ಶಾಟ್ ಮಾತ್ರ. ಹಂದರ ಹೇಗೆ ಮಾಡಲಿ?"

ನಿನ್ನೆ ಜಯನಗರದಲ್ಲಿ ಕಾರ್ಯಕ್ರಮ ಚೆನ್ನಾಗಿ ಆಯಿತು. ನೀವು ಹೇಳಿದಂತೆ ನನ್ನ ಸಾಲಿನ ಹಿಂದೆ ಮುಂದೆ ಏನಿದೆ ಅಂತ ಮೊದಲು ನೋಡಿದೆ. 5:10ಕ್ಕೆ ಪ್ರಾರ್ಥನೆ, 5:15ಕ್ಕೆ ಸ್ವಾಗತ, 5:20ಕ್ಕೆ ದೀಪ ಬೆಳಗುವುದು, ಆಮೇಲೆ ವಾರ್ಷಿಕ ವರದಿ. ಅಂದರೆ ನನಗಿದ್ದದ್ದು ಐದೇ ನಿಮಿಷ. ಅದರಲ್ಲೂ ಹೂಗುಚ್ಛ ಕೊಡುವುದಕ್ಕೇ ಎರಡು ನಿಮಿಷ ಬೇಕು! ಉಳಿದ ಮೂರು ನಿಮಿಷಕ್ಕೆ ಬರೆದೆ. ಫಲಿತಾಂಶ, ಬಹುಮಾನದ ಮಾತೆಲ್ಲ ತೆಗೆದುಹಾಕಿದೆ, ಅದು ವರದಿ ಓದುವ ಮುಖ್ಯೋಪಾಧ್ಯಾಯಿನಿಯವರದ್ದು ಅಲ್ವಾ? ಅಧ್ಯಕ್ಷರು, ಮುಖ್ಯ ಅತಿಥಿ, ಶಿಕ್ಷಕರು, ಪೋಷಕರು, ಕೊನೆಗೆ ಮಕ್ಕಳು. ಒಬ್ಬೊಬ್ಬರಿಗೆ ಎರಡೆರಡು ವಾಕ್ಯ. ನನ್ನ ನಂತರದ ಸಾಲೇ ಕೊನೆಯ ವಾಕ್ಯವಾಯಿತು: "ಈಗ ಗಣ್ಯರು ದೀಪ ಬೆಳಗಬೇಕೆಂದು ಕೋರುತ್ತೇನೆ."

ಒಂದು ಎಡವಟ್ಟು ಸ್ವಲ್ಪದರಲ್ಲಿ ತಪ್ಪಿತು. ಸ್ಕ್ರೀನ್‌ಶಾಟ್‌ನ ಬಲಗಡೆ ಅಂಚು ಕತ್ತರಿಸಿ ಹೋಗಿ, ಇಬ್ಬರು ಅತಿಥಿಗಳಲ್ಲಿ ಒಬ್ಬರ ಹೆಸರೇ ಕಾಣುತ್ತಿತ್ತು. ಸಾಲಿನ ಕೊನೆಯಲ್ಲಿ ಸುಮ್ನೆ ಒಂದು ಅಲ್ಪವಿರಾಮ ಉಳಿದಿತ್ತು. ಅನುಮಾನ ಬಂದು ಟೀಚರ್‌ಗೆ ಫೋನ್ ಮಾಡಿ ಪೂರ್ತಿ ಪಟ್ಟಿ ತರಿಸಿಕೊಂಡೆ. ಇಂಗ್ಲಿಷಿನಲ್ಲಿದ್ದ ಹೆಸರುಗಳನ್ನು ಹೇಗೆ ಹೇಳಬೇಕು ಅಂತಲೂ ಅವರನ್ನೇ ಕೇಳಿ, ಕನ್ನಡದಲ್ಲಿ ಬರೆದುಕೊಂಡೆ.